ಬಿಸಿ ಮಾಡಿ ಮೂಸಬೇಡಿ

«ಹೋದ ವರ್ಷದ ಜೀರಿಗೆ ಪುಡಿ ಅರ್ಧ ಡಬ್ಬಿ ಉಳಿದಿದೆ. ಹಂಚಿನ ಮೇಲೆ ಬಿಸಿ ಮಾಡಿದ್ರೆ ಘಮ ಬರುತ್ತೆ. ಚೆನ್ನಾಗಿದೆ ಅಂತಾನೇ ಅಲ್ವಾ?»

ಅಲ್ಲ ಅಕ್ಕಾ. ನಾನೂ ಹೀಗೇ ಮೋಸ ಹೋಗಿದ್ದೆ. ಬಿಸಿ ತಾಗಿದಾಗ ಪುಡಿಯಲ್ಲಿ ಉಳಿದಿದ್ದ ಚೂರುಪಾರು ಘಮದ ಎಣ್ಣೆ ಒಮ್ಮೆಗೇ ಮೇಲೆದ್ದು ಮೂಗಿಗೆ ಬಡಿಯುತ್ತದೆ. ಅಡುಗೆಗೆ ಏನೂ ಉಳಿಯುವುದಿಲ್ಲ.

ಆ ವರ್ಷ ಯುಗಾದಿಗೆ ಮೊದಲೇ ಎರಡು ಕಿಲೋ ಜೀರಿಗೆ ಗಿರಣಿಗೆ ಹಾಕಿಸಿ, ಒಲೆಯ ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದೆ. ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ. ಜೂನಿನಲ್ಲಿ ತಂಗಿ ಮನೆಯ ಸೀಮಂತಕ್ಕೆ ಅದೇ ಪುಡಿ ಹುರಿದು ಮಜ್ಜಿಗೆಗೆ ಹಾಕಿದೆ. ಹುರಿಯುವಾಗ ಮನೆಯೆಲ್ಲ ಘಮ. ಕುಡಿದವರು ಸುಮ್ನೆ ಲೋಟ ಕೆಳಗಿಟ್ಟರು. ಹೊಟ್ಟು ಕದಡಿದ ನೀರಿನ ಹಾಗಿತ್ತು.

ಈಗ ನಾನು ಹೀಗೆ ಮಾಡುತ್ತೇನೆ. ಅಂಗಡಿಯಿಂದ ಹತ್ತು ರೂಪಾಯಿಯ ಹೊಸ ಜೀರಿಗೆ ತಂದು, ಹುರಿಯದೆ ಖಲಬತ್ತದಲ್ಲಿ ಕುಟ್ಟುವುದು. ಎರಡು ಲೋಟದಲ್ಲಿ ಬಿಸಿನೀರು. ಒಂದಕ್ಕೆ ಅರ್ಧ ಚಮಚ ಹಳೆಯದು, ಇನ್ನೊಂದಕ್ಕೆ ಅರ್ಧ ಚಮಚ ಹೊಸದು. ಎರಡು ನಿಮಿಷ ತಟ್ಟೆ ಮುಚ್ಚಿ, ತೆಗೆದ ಕೂಡಲೇ ಮೂಸಿ, ಆರಿದ ಮೇಲೆ ಒಂದೊಂದು ಗುಟುಕು ಕುಡಿಯಿರಿ. ಹೋಲಿಸದೆ ಒಂದನ್ನೇ ಮೂಸಿದರೆ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ನೆಗಡಿ ಇದ್ದಾಗಲಂತೂ ಬೇಡ. ಹಳೆಯದು ಸಪ್ಪಗಿದ್ದರೆ ಒಗ್ಗರಣೆಗೆ ಸ್ವಲ್ಪ ಜಾಸ್ತಿ ಹಾಕಿ ಮುಗಿಸಬಹುದು. ಹಳೇ ಎಣ್ಣೆಯ ಕಮಟು ಅಥವಾ ಬೂಷ್ಟಿನ ವಾಸನೆ ಬಂದರೆ ಚೆಲ್ಲಿಬಿಡಿ, ಲೋಭ ಮಾಡಬೇಡಿ.

ಇದೇ ಪ್ರಶ್ನೆಗೆ ಅಣ್ಣ ಒಬ್ಬರು «ಖಾರ ಇದ್ರೆ ಮೆಣಸು ಹೊಸದು» ಅಂದಿದ್ದಾರೆ. ಅರ್ಧ ಸರಿ. ಕರಿಮೆಣಸಿನ ಖಾರ ಅದರಲ್ಲಿರುವ ಪೈಪರಿನ್ ಅನ್ನುವ ಅಂಶದಿಂದ. ಅದು ಬೇಗ ಹಾರಿ ಹೋಗುವುದಿಲ್ಲ. ಹಾರುವುದು ಘಮದ ಎಣ್ಣೆ. ಅದಕ್ಕೇ ಹಳೇ ಮೆಣಸಿನ ಪುಡಿ ಗಂಟಲು ಸುಡುತ್ತದೆ, ಆದರೆ ಸಾರಿಗೆ ಪರಿಮಳ ಕೊಡುವುದಿಲ್ಲ. ಜಾಸ್ತಿ ಹಾಕಿದರೆ ಖಾರವೇ ಏರುತ್ತದೆ. ಒಂದು ಕಾಳು ಒಡೆದು ಮೂಸಿ ನೋಡಿ, ಅಷ್ಟೇ.

ಅರಿಶಿಣ ನೀರಿಗೆ ಹಾಕಿ ನೋಡಿ ಅಂತ ಉತ್ತರಿಸಿದ ಇನ್ನೊಬ್ಬ ತಮ್ಮನಿಗೆ: ಅದು ಬಣ್ಣ ಬೆರೆಸಿದ್ದಾರಾ ಅಂತ ನೋಡುವ ಪರೀಕ್ಷೆ. ಇಲ್ಲಿ ಕೇಳಿದ್ದೇ ಬೇರೆ. ಅರಿಶಿಣದ ಘಮ ಹೋದ ಮೇಲೂ ಹಳದಿ ಉಳಿಯುತ್ತದೆ, ಹಾಗಾಗಿ ಬಣ್ಣ ನೋಡಿ ನಂಬಬೇಡಿ. ಗಾಜಿನ ಬಾಟಲಿಯಲ್ಲಿ ಕಿಟಕಿ ಹತ್ತಿರ ಇಟ್ಟರೆ ಬಣ್ಣವೂ ಮಾಸುತ್ತದೆ. ಕೊಂಬು ಇದ್ದರೆ ಮುರಿದು ನೋಡಿ. ಸಣ್ಣ ತೂತು, ಡಬ್ಬಿ ತಳದಲ್ಲಿ ಹಿಟ್ಟು ಕಂಡರೆ ಹುಳ ಹತ್ತಿದೆ.

ಬ್ರ್ಯಾಂಡ್ ಯಾವುದಾದರೂ ಇರಲಿ, ಪುಡಿಯ ದೊಡ್ಡ ಪ್ಯಾಕೆಟ್ ಯಾಕೆ ತರುತ್ತೀರಿ? ಆಫರ್ ಕಂಡರೆ ಸಾಕು ನಮ್ಮವರಿಗೆ! ಇಡೀ ಜೀರಿಗೆ ತಂದು ಹದಿನೈದು ದಿನಕ್ಕಾಗುವಷ್ಟೇ ಕುಟ್ಟಿಕೊಳ್ಳಿ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸಬೇಡಿ, ಆವಿ ಒಳಗೆ ಹೋಗಿ ಗಂಟು ಕಟ್ಟುತ್ತದೆ.

ಪುಡಿ ಫ್ರಿಜ್‌ನಲ್ಲಿ ಇಡುವ ವಿಷಯಕ್ಕೆ ನಮ್ಮನೆಯಲ್ಲೇ ಜಗಳ ಇದೆ. ಅತ್ತಿಗೆ ಇಡುತ್ತಾರೆ. ತಣ್ಣಗಿನ ಡಬ್ಬಿ ದಿನಾ ತೆರೆದರೆ ಒಳಗೆ ಬೆವರುತ್ತದೆ ಅಂತ ನಾನು ಇಡುವುದಿಲ್ಲ.