ಮನೆಯ ಸಂಗೀತ ಪಾಠಕ್ಕೆ ವಾರದ ವೇಳಾಪಟ್ಟಿ

“ಮನೆಯಲ್ಲಿ ಹತ್ತು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದೇನೆ. ಎಲ್ಲರೂ ಸಂಜೆ ಆರು ಗಂಟೆಯನ್ನೇ ಕೇಳುತ್ತಾರೆ. ವಾರವನ್ನು ಹೇಗೆ ಹಂಚಲಿ?”

ಮೊದಲು ಮಕ್ಕಳನ್ನು ವಯಸ್ಸು ನೋಡದೆ, ಪಾಠ ಮತ್ತು ಶ್ರುತಿ ನೋಡಿ ಗುಂಪು ಮಾಡಿ. ಮಧ್ಯ ಷಡ್ಜದಿಂದ ತಾರ ಷಡ್ಜದವರೆಗೆ ಒಬ್ಬೊಬ್ಬರಿಂದಲೇ ಹಾಡಿಸಿದರೆ, ಮೇಲಿನ ಷಡ್ಜವನ್ನು ಸಲೀಸಾಗಿ ಮುಟ್ಟುವವರು ಯಾರು, ಗಲ್ಲ ಎತ್ತಿ ಕಿರುಚುವವರು ಯಾರು ಎಂಬುದು ಅಲ್ಲೇ ತಿಳಿಯುತ್ತದೆ; ಕಿರುಚುವವರಿಗೆ ಶ್ರುತಿಯನ್ನು ಒಂದು ಮನೆ ಇಳಿಸಬೇಕು.

ಸರಳೆ ವರಸೆಯಲ್ಲಿ ನಾಲ್ವರು, ಜಂಟಿ ವರಸೆಯಲ್ಲಿ ಮೂವರು, ಗೀತೆಯಲ್ಲಿ ಮೂವರು ಇದ್ದಾರೆಂದುಕೊಳ್ಳೋಣ. ಸೋಮವಾರ ಮತ್ತು ಗುರುವಾರ 5:15ರಿಂದ 6:00ರವರೆಗೆ ಮೊದಲ ಗುಂಪು, 6:10ರಿಂದ 6:55ರವರೆಗೆ ಎರಡನೆಯದು; ಗೀತೆಯವರಿಗೆ ಮಂಗಳವಾರ ಮತ್ತು ಶುಕ್ರವಾರ ಆರು ಗಂಟೆ. ವಾರಕ್ಕೊಮ್ಮೆ ದೀರ್ಘ ಪಾಠ ಮಾಡುವುದಕ್ಕಿಂತ ಅಂತರವಿಟ್ಟು ಎರಡು ಪಾಠ ಮಾಡುವುದೇ ಮೇಲು, ಏಕೆಂದರೆ ತಪ್ಪಾಗಿ ಹಿಡಿದ ಸ್ವರವನ್ನು ಮಗು ಏಳು ದಿನ ಅಭ್ಯಾಸ ಮಾಡಿದರೆ ಅದನ್ನು ಬಿಡಿಸುವುದು ಬಹಳ ಕಷ್ಟ. ಬುಧವಾರವನ್ನು ತಪ್ಪಿದ ಪಾಠಗಳಿಗೆಂದೇ ಖಾಲಿ ಇಡಿ. ಅದನ್ನು ಹೊಸ ಸೇರ್ಪಡೆಗಳಿಗೆ ದಯವಿಟ್ಟು ಕೊಡಬೇಡಿ.

ಗುಂಪಿನಲ್ಲಿ ಆಗುವ ದೊಡ್ಡ ತೊಂದರೆಯೆಂದರೆ, ಒಂದು ಮಗು ಗಟ್ಟಿಯಾಗಿ ಹಾಡುತ್ತದೆ, ಉಳಿದವರು ಅದರ ಹಿಂದೆ ಅರೆಕ್ಷಣ ತಡವಾಗಿ ಸಾಗುತ್ತಾರೆ. ಒಟ್ಟಾಗಿ ಕೇಳುವಾಗ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ. ಹಾಗಾಗಿ ಪ್ರತಿ ಪಾಠದ ಕೊನೆಯ ಹತ್ತು ನಿಮಿಷ ಒಬ್ಬೊಬ್ಬರಿಂದ ಎರಡನೇ ಕಾಲದಲ್ಲಿ, ಕೈಯಲ್ಲಿ ಆದಿತಾಳ ಹಾಕಿಸಿ ಹಾಡಿಸಿ. ಬೆರಳೆಣಿಕೆಯಲ್ಲಿ ತಡವರಿಸುವ ಮಗು ಇನ್ನೂ ಆ ವರಸೆಯನ್ನು ಸ್ವಂತವಾಗಿ ಕಲಿತಿಲ್ಲ. ಅಂಥ ಮಗುವಿಗೆ ಮುಂದಿನ ವರಸೆ ಹೇಳಿಕೊಡುವ ಮೊದಲು ಒಂದು ಬುಧವಾರ ಕೊಡಿ.