ಫ್ಯಾನ್ ಅಲುಗಾಟ, ಟಕ್ ಟಕ್ ಸದ್ದು

ಸೀಲಿಂಗ್ ಫ್ಯಾನ್ 5ರಲ್ಲಿ ಇಟ್ಟರೆ ಓಲಾಡುತ್ತೆ, ಟಕ್ ಟಕ್ ಅನ್ನುತ್ತೆ. ಯಾಕೆ?

ಹೆಚ್ಚಾಗಿ ಒಂದು ರೆಕ್ಕೆ ಬಾಗಿರುತ್ತದೆ; ಓಲಾಟಕ್ಕೆ ಮೇಲಿನ ಕಪ್ ಸೀಲಿಂಗಿಗೆ ಬಡಿದು ಸದ್ದಾಗುತ್ತದೆ. ವೇಗ ಎರಡು ಪಟ್ಟಾದರೆ ಅಸಮ ತೂಕದ ಎಳೆತ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ 2ರಲ್ಲಿ ತೆಪ್ಪಗಿದ್ದದ್ದು 5ರಲ್ಲಿ ಕುಣಿಯುತ್ತದೆ.

ಮೇನ್ ಆಫ್ ಮಾಡಿ, ಕಪ್ ಇಳಿಸಿ ನೋಡಿ. ಹುಕ್ಕಿನ ರಬ್ಬರ್ ಸವೆದಿದ್ದರೆ ಬದಲಿಸಿ. ಬೋಲ್ಟಿಗೆ ಸ್ಪ್ಲಿಟ್ ಪಿನ್ ಇಲ್ಲದಿದ್ದರೆ ಫ್ಯಾನ್ ಹಾಕಲೇಬೇಡಿ, ನಟ್ ಕಳಚಿ ಫ್ಯಾನೇ ಬೀಳಬಹುದು. ಕಪ್ಪನ್ನು ಸೀಲಿಂಗಿಗೆ ತಾಗದಂತೆ ಚೂರು ಸಂದು ಬಿಟ್ಟು ಬಿಗಿ ಮಾಡಿ.

ಆಮೇಲೆ ರೆಕ್ಕೆಗಳ ಧೂಳು ಒರೆಸಿ, ಸ್ಕ್ರೂ ಬಿಗಿದು, ಒಂದೇ ಜಾಗದಲ್ಲಿ ಪ್ರತಿ ರೆಕ್ಕೆಯ ತುದಿ ಸೀಲಿಂಗಿನಿಂದ ಎಷ್ಟು ಕೆಳಗಿದೆ ಅಳೆಯಿರಿ. ಅರ್ಧ ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಆ ರೆಕ್ಕೆಯ ಕಬ್ಬಿಣದ ತೋಳನ್ನು ಮೆಲ್ಲಗೆ ಬಗ್ಗಿಸಿ ಸಮ ಮಾಡಿ. ಆದರೂ ಅಲುಗಿದರೆ ನಾಣ್ಯವೊಂದನ್ನು ಒಂದೊಂದೇ ರೆಕ್ಕೆಯ ಮೇಲ್ಬದಿಗೆ ಟೇಪಿನಿಂದ ಭದ್ರವಾಗಿ ಅಂಟಿಸಿ ಓಡಿಸಿ (ಕೆಳಗೆ ಯಾರೂ ನಿಲ್ಲಬಾರದು). ಅಲುಗಾಟ ಕಮ್ಮಿಯಾದ ರೆಕ್ಕೆಯಲ್ಲೇ ಅದನ್ನು ಉಳಿಸಿ.