ವರ್ಷ ಪೂರ್ತಿ ಕಂತು ಕಟ್ಟಿದ್ರೂ ಸಾಲ ಯಾಕೆ ಕರಗಿಲ್ಲ?

ಪ್ರಶ್ನೆ: ಸಾಗರದ ಹತ್ತಿರ ಹಳ್ಳಿ ಮನೆ ರಿಪೇರಿಗೆ ಬ್ಯಾಂಕಲ್ಲಿ 5 ಲಕ್ಷ ಸಾಲ ತಗೊಂಡೆ, 9% ಬಡ್ಡಿ, 10 ವರ್ಷ. ತಿಂಗಳಿಗೆ 6,334 ಕಟ್ತಾ ಒಂದು ವರ್ಷ ಆಯ್ತು, ಅಂದ್ರೆ 76 ಸಾವಿರ ಹೋಯ್ತು. ಬ್ಯಾಂಕು ಕೊಟ್ಟ ಕಂತಿನ ಟೇಬಲ್‌ನಲ್ಲಿ ಬಾಕಿ ಇನ್ನೂ 4.67 ಲಕ್ಷ ತೋರಿಸ್ತಿದೆ. ಮೋಸ ಏನಾದ್ರೂ ಇದೆಯಾ? ಈಗ ಅಡಿಕೆ ದುಡ್ಡು 50 ಸಾವಿರ ಬಂದಿದೆ, ಕಟ್ಟಿಬಿಡಲಾ?

ಮೋಸ ಇಲ್ಲ, ಲೆಕ್ಕ ಸರಿಯಾಗೇ ಇದೆ. ನಾನು ತೀರ್ಥಹಳ್ಳಿ ಕಡೆ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವನು, ಅಡಿಕೆ ಮಾರಾಟ ಮುಗಿದ ಕೂಡಲೇ ಇದೇ ಪ್ರಶ್ನೆ ಹಿಡಿದು ಜನ ಬರ್ತಾರೆ.

ಟೇಬಲ್‌ನ ಮೊದಲ ಸಾಲು ನೋಡಿ. 9% ಅಂದ್ರೆ ತಿಂಗಳಿಗೆ 0.75%. 5 ಲಕ್ಷಕ್ಕೆ ಬಡ್ಡಿ 3,750. ನೀವು ಕಟ್ಟಿದ 6,334ರಲ್ಲಿ ಅದನ್ನು ಮೊದಲು ಮುರಿದುಕೊಳ್ತಾರೆ, ಉಳಿದ 2,584 ಮಾತ್ರ ಅಸಲಿಗೆ ಹೋಗುತ್ತದೆ. ಬಾಕಿ 4,97,416. ಮುಂದಿನ ತಿಂಗಳು ಬಡ್ಡಿ ಈ ಬಾಕಿಯ ಮೇಲೆ, 3,731, ಹಾಗಾಗಿ ಅಸಲಿಗೆ 2,603. ನೋಡಿದ್ರಾ, ಕಂತು ಅಷ್ಟೇ ಇದ್ದರೂ ಅಸಲಿನ ಪಾಲು ಹತ್ತೊಂಬತ್ತು ರೂಪಾಯಿ ಏರಿತು. ಇಷ್ಟೇ ಇಷ್ಟು ಏರುತ್ತಾ ಹೋಗುವುದರಿಂದ ಮೊದಲ ವರ್ಷ ನಿಮ್ಮ 76 ಸಾವಿರದಲ್ಲಿ ಸುಮಾರು 43,700 ಬಡ್ಡಿಗೇ ಹೋಗಿದೆ, ಅಸಲಿಗೆ 32,300 ಮಾತ್ರ. ಅವಧಿ ಅರ್ಧ ಮುಗಿದರೂ, ಅಂದ್ರೆ ಐದು ವರ್ಷ ಆದಾಗಲೂ, 3 ಲಕ್ಷದ ಮೇಲೆ ಬಾಕಿ ಇರುತ್ತದೆ. ಸಾಲ ಅರ್ಧಕ್ಕೆ ಇಳಿಯುವುದು 73ನೇ ಕಂತಿನ ಹೊತ್ತಿಗೆ. ಈಗಲೇ ಗೊತ್ತಿದ್ದರೆ ಆಮೇಲೆ ಬೇಜಾರಾಗೋದಿಲ್ಲ ಅಂತ ಹೇಳಿದೆ.

ಪಾಸ್‌ಬುಕ್‌ನಲ್ಲಿ ಬಿದ್ದ ಬಡ್ಡಿ ಟೇಬಲ್‌ಗೆ ಪೈಸೆ ಪೈಸೆ ಹೊಂದದಿದ್ದರೂ ಗಾಬರಿ ಬೇಡ. ಟೇಬಲ್ ವರ್ಷವನ್ನು ಹನ್ನೆರಡು ಸಮ ಭಾಗ ಮಾಡುತ್ತದೆ, ಆದರೆ ಬಹಳಷ್ಟು ಬ್ಯಾಂಕುಗಳು ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುತ್ತವೆ. 31 ದಿನದ ತಿಂಗಳಲ್ಲಿ ಮೊದಲ ಸಾಲಿನ ಬಡ್ಡಿ 3,750ರ ಬದಲು 3,822 ಆಗುತ್ತದೆ, ಫೆಬ್ರವರಿಯಲ್ಲಿ ಕಡಿಮೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ಕಂಡರೆ ಬಡ್ಡಿ ದರ ಬದಲಾಗಿದೆಯಾ, ಕಂತು ತಡ ಆಗಿತ್ತಾ ಅಂತ ಕೇಳಿ.

ನಿಜವಾಗಿ ಹೆದರಬೇಕಾದ್ದು ಬಡ್ಡಿ ಕಾಲಂನಲ್ಲಿ ಪ್ರತಿ ತಿಂಗಳೂ ಒಂದೇ ಅಂಕಿ ಇರುವ ಟೇಬಲ್‌ಗೆ. ಅದು ಫ್ಲಾಟ್ ಬಡ್ಡಿ, ಅಂದ್ರೆ ನೀವು ಅಸಲು ಎಷ್ಟೇ ತೀರಿಸಿದರೂ ಮೊದಲ 5 ಲಕ್ಷದ ಮೇಲೇ ಬಡ್ಡಿ ಹಾಕುತ್ತಿರುತ್ತಾರೆ. ಆಗ ಇದೇ ಸಾಲಕ್ಕೆ ಕಂತು 7,917 ಆಗುತ್ತಿತ್ತು. ಹೆಸರಿಗೆ 9%, ನಿಮ್ಮದರ ಲೆಕ್ಕದಲ್ಲಿ ಸುಮಾರು ಹದಿನಾಲ್ಕೂವರೆ. ನಿಮ್ಮದರಲ್ಲಿ ಬಡ್ಡಿ ಇಳಿಯುತ್ತಿದೆ, ಹಾಗಾಗಿ ಆ ಚಿಂತೆ ಇಲ್ಲ. ನೀವೇ ನೋಡಬೇಕಂದ್ರೆ ಎಕ್ಸೆಲ್‌ನಲ್ಲಿ ಇದನ್ನು ಹಾಕಿ, ಕಂತು ಬರುತ್ತದೆ:

```
=PMT(9%/12,120,-500000)
```

ಈಗ 50 ಸಾವಿರದ ಮಾತು. ಕಟ್ಟಿ, ಆದರೆ ಸುಮ್ನೆ ಕೌಂಟರಿನಲ್ಲಿ ಕೊಟ್ಟು ಬರಬೇಡಿ. ಕಟ್ಟಿದ ಮೇಲೆ ಬಾಕಿ 4,17,680 ಆಗುತ್ತದೆ, ಆಮೇಲೆ ಎರಡು ದಾರಿ. ಕಂತು 6,334ರಲ್ಲೇ ಇಟ್ಟು ಅವಧಿ ಕಡಿಮೆ ಮಾಡಿಸಿದರೆ ಉಳಿದ 108 ತಿಂಗಳು 92ಕ್ಕೆ ಇಳಿಯುತ್ತದೆ, ಬಡ್ಡಿಯಲ್ಲಿ ಸುಮಾರು 55 ಸಾವಿರ ಉಳಿತಾಯ. ಅವಧಿ ಹಾಗೇ ಇಟ್ಟು ಕಂತು ಇಳಿಸಿದರೆ ತಿಂಗಳಿಗೆ 5,657 ಕಟ್ಟಿದರೆ ಸಾಕು, ಉಳಿಯುವ ಬಡ್ಡಿ ಮಾತ್ರ 23 ಸಾವಿರದಷ್ಟು. ನನ್ನ ಕೇಳಿದರೆ ಮೊದಲನೆಯದೇ. ಆದರೆ ಅಡಿಕೆ ಬಿಟ್ಟು ಬೇರೆ ಆದಾಯ ಇಲ್ಲದಿದ್ದರೆ, ಕೊಳೆರೋಗ ಬಂದ ವರ್ಷ ಏನು ಗತಿ ಅಂತ ಯೋಚಿಸಿ. ಮಳೆಗಾಲದಲ್ಲಿ ಕಂತಿಗೆ ಪರದಾಡುವವರಿಗೆ ಚಿಕ್ಕ ಕಂತೇ ವಾಸಿ, ಉಳಿತಾಯ ಕಡಿಮೆ ಆದರೂ.

ಹೋಗುವ ಮುಂಚೆ ಸಾಲದ ಪತ್ರದಲ್ಲಿ ಬಡ್ಡಿ ಮಧ್ಯೆ ಏರಿಳಿಯುವ ಫ್ಲೋಟಿಂಗ್ ದರವೋ, ಬದಲಾಗದ ಫಿಕ್ಸೆಡ್ಡೋ ನೋಡಿಕೊಳ್ಳಿ. ಮನೆಗೆ ಅಂತ ನಿಮ್ಮ ಹೆಸರಲ್ಲಿ ತಗೊಂಡ ಫ್ಲೋಟಿಂಗ್ ಸಾಲವಾದರೆ ಮುಂಚೆ ಕಟ್ಟಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಇದೆ. ಫಿಕ್ಸೆಡ್ ಆದರೆ ಎಷ್ಟು ಹಿಡಿಯುತ್ತಾರೆ ಅಂತ ಪತ್ರದಲ್ಲೇ ಬರೆದಿರುತ್ತದೆ. "ಈ ಹಣ ಅಸಲಿಗೆ ಜಮಾ ಮಾಡಿ, ಕಂತು ಬದಲಿಸದೆ ಅವಧಿ ಕಡಿಮೆ ಮಾಡಿ" ಅಂತ ಒಂದು ಅರ್ಜಿ ಬರೆದು ಕೊಟ್ಟು, ಅದರ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಬರೀ ಬಾಯಿಮಾತಲ್ಲಿ ಹೇಳಿ ಬಂದರೆ ಅದನ್ನು ಮುಂದಿನ ಕಂತುಗಳ ಮುಂಗಡ ಅಂತ ಇಟ್ಟುಕೊಳ್ಳುವುದೂ ಉಂಟು. ಒಂದು ವಾರ ಬಿಟ್ಟು ಹೊಸ ಟೇಬಲ್ ಪ್ರಿಂಟ್ ತಗೊಳ್ಳಿ. ಅದರ ಮೊದಲ ಸಾಲಿನಲ್ಲಿ ಬಡ್ಡಿ 3,133, ಅಸಲು 3,201 ಆಸುಪಾಸು ಇರಬೇಕು. ಬಡ್ಡಿ ಇನ್ನೂ 3,500ರ ಹತ್ತಿರವೇ ಇದ್ದರೆ ನಿಮ್ಮ 50 ಸಾವಿರ ಅಸಲಿಗೆ ಹೋಗಿಲ್ಲ ಅಂತ ಅರ್ಥ, ಅವತ್ತೇ ಮ್ಯಾನೇಜರ್ ಹತ್ತಿರ ಹೋಗಿ.